ಅರ್ಧ ಮುಗಿದ ಬೊಂಬೆಗೆ ಬೆಲೆ ಎಷ್ಟು?

ಚನ್ನಪಟ್ಟಣದ ಬೊಂಬೆ ಹುಟ್ಟುವುದು ಹಾಲೆ ಮರದ ತುಂಡಿನಿಂದ. ಒಣಗಿಸಿದ ತುಂಡನ್ನು ಲೇತ್‌ಗೆ ಕೊಟ್ಟು ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಘರ್ಷಣೆಯ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ತಾಳೆಗರಿಯಿಂದ ತಿಕ್ಕಿದಾಗ ಹೊಳಪು ಬರುತ್ತದೆ. ಮರದ ಜೊತೆಗೇ ಹಣವೂ ಹೀಗೆ ಹಂತ ಹಂತವಾಗಿ ಸಾಗುತ್ತದೆ. ಆ ಲೆಕ್ಕ ತಿಳಿಯಲು ಅಂಥದೊಂದು ಸಣ್ಣ ಘಟಕವನ್ನು ಊಹಿಸಿಕೊಳ್ಳೋಣ.

ಸಾವಿರ ಬೊಂಬೆಗಳ ಆರ್ಡರ್ ಬಂದಿದೆ. ಉಗ್ರಾಣದಿಂದ ಚೀಟಿ ಬರೆದು 10,000 ರೂಪಾಯಿಯ ಮರ ಕೊಡಲಾಯಿತು. ಆ ಕ್ಷಣದಲ್ಲಿ ಖರ್ಚೇನೂ ಆಗಿಲ್ಲ. ದಾಸ್ತಾನಿನ ಖಾತೆಯಲ್ಲಿದ್ದ ಮೊತ್ತ ಅರೆಸಿದ್ಧ ಸರಕಿನ ಖಾತೆಗೆ ಸರಿಯಿತು, ಅಷ್ಟೆ. ಬಳಿಕ 3,200 ರೂಪಾಯಿಯ ಅರಗು, ಕುಶಲಕರ್ಮಿಗಳ ಕೂಲಿ 18,000 ರೂಪಾಯಿ ಅದೇ ಖಾತೆಗೆ ಸೇರಿದವು.

ಕಟ್ಟಡದ ಬಾಡಿಗೆ, ಮೇಲ್ವಿಚಾರಕರ ಸಂಬಳ, ಲೇತ್‌ಗಳ ಸವಕಳಿ ಯಾವ ಬೊಂಬೆಗೆ ಸೇರಬೇಕು? ಇವು ಓವರ್‌ಹೆಡ್. ತಿಂಗಳಿಗೆ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಐದು ಲೇತ್‌ಗಳು ಮಾಮೂಲಾಗಿ ತಿಂಗಳಿಗೆ 800 ಗಂಟೆ ತಿರುಗುತ್ತವೆ. ಹಾಗಾದರೆ ಗಂಟೆಗೆ 50 ರೂಪಾಯಿ. ಈ ಆರ್ಡರ್‌ಗೆ 180 ಗಂಟೆ ಹಿಡಿದಿದ್ದರಿಂದ 9,000 ರೂಪಾಯಿ ಇದರ ಪಾಲಿಗೆ ಬಂತು. ಒಟ್ಟು 40,200.

ತಿಂಗಳ ಕೊನೆಗೆ 800 ಬೊಂಬೆ ಸಿದ್ಧವಾಗಿವೆ. ಉಳಿದ 200ಕ್ಕೆ ಅರಗು ಹಚ್ಚಿಲ್ಲ, ಕೆಲಸವೂ ಅರ್ಧವೇ ಆಗಿದೆ. ಪೂರ್ತಿ ಖರ್ಚನ್ನು 800ಕ್ಕೇ ಹಂಚಿದರೆ ಒಂದಕ್ಕೆ 50.25 ರೂಪಾಯಿ ಆಗುತ್ತದೆ. ಅದು ತಪ್ಪು. ಅರ್ಧ ಕೆಲಸವಾದ 200 ಬೊಂಬೆ ದುಡಿಮೆಯ ಲೆಕ್ಕದಲ್ಲಿ 100ಕ್ಕೆ ಸಮ. ಆದ್ದರಿಂದ ಕೂಲಿ ಮತ್ತು ಓವರ್‌ಹೆಡ್‌ನ 27,000 ರೂಪಾಯಿಯನ್ನು 900ಕ್ಕೆ ಭಾಗಿಸಬೇಕು: ತಲಾ 30. ಮರ 10, ಅರಗು 4 ಸೇರಿ ಸಿದ್ಧ ಬೊಂಬೆಗೆ 44 ರೂಪಾಯಿ. 35,200 ಸಿದ್ಧ ಸರಕಿಗೆ ಹೋಗುತ್ತದೆ, 5,000 ಅರೆಸಿದ್ಧ ಸರಕಿನಲ್ಲೇ ಉಳಿಯುತ್ತದೆ.

ಇನ್ನೊಂದು ಎಡವಟ್ಟು ಆಗುವುದು ಆರ್ಡರ್ ಕಡಿಮೆಯಾದ ತಿಂಗಳಲ್ಲಿ. ಎಲ್ಲ ಆರ್ಡರ್ ಸೇರಿ ಲೇತ್‌ಗಳು 700 ಗಂಟೆ ಮಾತ್ರ ತಿರುಗಿದರೆ ಬೊಂಬೆಗಳ ಮೇಲೆ ಬೀಳುವ ಓವರ್‌ಹೆಡ್ 35,000. ಬಾಡಿಗೆ, ಸಂಬಳ ಮಾತ್ರ ಇಳಿದಿರುವುದಿಲ್ಲ. ಉಳಿದ 5,000 ರೂಪಾಯಿಯನ್ನೂ ಬೊಂಬೆಗಳ ಮೇಲೆ ಹೇರಿದರೆ ಲೇತ್ ಖಾಲಿ ನಿಂತ ನಷ್ಟ ದಾಸ್ತಾನಿನೊಳಗೆ ಆಸ್ತಿಯಂತೆ ಅಡಗಿಬಿಡುತ್ತದೆ. ದರ ಏರಿಸಿ ಹೇಳಿದರೆ ಇರುವ ಗಿರಾಕಿಯೂ ಬೇರೆಡೆ ಹೋಗಬಹುದು. ಭಾರತದ ಲೆಕ್ಕಪತ್ರ ಮಾನದಂಡ 2 ಇದಕ್ಕೆ ಅವಕಾಶ ಕೊಡುವುದಿಲ್ಲ. ಸ್ಥಿರ ಓವರ್‌ಹೆಡ್ ಅನ್ನು ಮಾಮೂಲು ಸಾಮರ್ಥ್ಯದ ಮೇಲೆ ಹಂಚಬೇಕು, ಹಂಚಿಕೆಯಾಗದೆ ಉಳಿದದ್ದನ್ನು ಆ ಅವಧಿಯ ಖರ್ಚೆಂದೇ ಬರೆಯಬೇಕು. ಸಿದ್ಧ ಬೊಂಬೆಯ ಮಾರಾಟದ ಖರ್ಚಿಗೂ ದಾಸ್ತಾನಿನ ಬೆಲೆಯಲ್ಲಿ ಜಾಗವಿಲ್ಲ.

ಆದ್ದರಿಂದ ಸಣ್ಣ ಘಟಕ ನಡೆಸುವವರು ಹೊಸ ಆರ್ಡರ್‌ಗೆ ದರ ಹೇಳುವ ಮುನ್ನ ಎರಡು ಸಂಖ್ಯೆಗಳನ್ನು ಕೈಯಲ್ಲಿಟ್ಟುಕೊಳ್ಳಬೇಕು: ತಿಂಗಳ ಕೊನೆಗೆ ಅರ್ಧಕ್ಕೆ ನಿಂತ ಬೊಂಬೆಗಳೆಷ್ಟು, ಲೇತ್ ತಿರುಗಿದ ಗಂಟೆಗಳೆಷ್ಟು.