ಎಣ್ಣೆ ಹೆಪ್ಪುಗಟ್ಟಿದೆ, ಯಾರನ್ನು ಕೇಳೋದು?

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಅಡುಗೆಮನೆಗಳಲ್ಲಿ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗುತ್ತದೆ. ಬಾಟಲಿ ತಲೆಕೆಳಗು ಮಾಡಿದರೂ ಒಂದು ತೊಟ್ಟು ಬೀಳುವುದಿಲ್ಲ. ಅದೇ ಮೊದಲ ಸಲ ಗಾಣದ ಎಣ್ಣೆ ತರಿಸಿಕೊಂಡವರಿಗೆ ಅನುಮಾನ ಶುರುವಾಗುತ್ತದೆ: ಇದಕ್ಕೆ ಮೇಣ ಗೀಣ ಬೆರೆಸಿದ್ದಾರಾ? ಬಾಟಲಿಯ ಮೇಲೆ ತಯಾರಕರ ಫೋನ್ ನಂಬರ್ ಇರುತ್ತದೆ. ಆದರೂ ಹೆಚ್ಚಿನವರು ಆ ನಂಬರಿಗೆ ಫೋನ್ ಮಾಡುವುದಿಲ್ಲ. ಗೂಗಲ್‌ನಲ್ಲಿ ಹುಡುಕುತ್ತಾರೆ, ಯಾವುದೋ ಅಡುಗೆ ವಿಡಿಯೋದ ಕೆಳಗೆ ಕೇಳುತ್ತಾರೆ, ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೆ ಫೋಟೊ ಹಾಕುತ್ತಾರೆ. ಅಲ್ಲಿ ಯಾರೋ ಒಬ್ಬರು ಉತ್ತರ ಹೇಳಿಯೂ ಬಿಡುತ್ತಾರೆ. ಆ ‘ಯಾರೋ’ ಎಣ್ಣೆ ತೆಗೆದವರಂತೂ ಆಗಿರುವುದಿಲ್ಲ.

ಹೀಗೆ ಊರೆಲ್ಲ ನಡೆಯುವ ಮಾತನ್ನು ಹುಡುಕಿ ಓದಿ, ಅದರಲ್ಲಿ ತಮಗೆ ಸಂಬಂಧಪಟ್ಟದ್ದನ್ನು ಆರಿಸಿಕೊಳ್ಳುವ ಕೆಲಸಕ್ಕೆ ವ್ಯಾಪಾರದವರು ಸೋಶಿಯಲ್ ಲಿಸನಿಂಗ್ ಎನ್ನುತ್ತಾರೆ. ದೊಡ್ಡ ಕಂಪನಿಗಳು ಇದಕ್ಕೆಂದೇ ದುಬಾರಿ ಸಾಫ್ಟ್‌ವೇರ್ ಇಟ್ಟುಕೊಂಡಿರುತ್ತವೆ, ದಿನಕ್ಕೆ ಎಷ್ಟು ಸಲ ತಮ್ಮ ಹೆಸರು ಬಂತು, ಹೊಗಳಿಕೆ ಎಷ್ಟು, ಬೈಗುಳ ಎಷ್ಟು ಎಂದು ಎಣಿಸುತ್ತವೆ. ಸಣ್ಣ ವ್ಯಾಪಾರಕ್ಕೆ ಆ ಲೆಕ್ಕದಿಂದ ಅಷ್ಟೇನೂ ಪ್ರಯೋಜನವಿಲ್ಲ. ತಿಪಟೂರಿನ ಕಡೆ ಮರದ ಗಾಣ ಹಾಕಿಕೊಂಡಿರುವ ಒಂದು ಕುಟುಂಬವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮನೆಯವರ ಜೊತೆ ಇಬ್ಬರು ಕೆಲಸದವರು, ಕೊರಿಯರ್‌ನಲ್ಲಿ ಬೆಂಗಳೂರು, ಮೈಸೂರಿಗೆ ಎಣ್ಣೆ ಹೋಗುತ್ತದೆ. ಇವರ ಬ್ರ್ಯಾಂಡಿನ ಹೆಸರನ್ನು ಅಂತರ್ಜಾಲದಲ್ಲಿ ಯಾರಾದರೂ ಎತ್ತುವುದೇ ಅಪರೂಪ. ಹೆಸರು ನಂದಿ, ಕಾವೇರಿ, ಅಮೃತ ಎಂಬಂಥದ್ದಾದರೆ ಹುಡುಕಿದಾಗ ಸಿಗುವುದೆಲ್ಲ ಬೆಟ್ಟ, ನದಿ ಮತ್ತು ಹಾಲಿನ ಸುದ್ದಿ. ಹೆಸರಿನ ಜೊತೆ ಊರಿನ ಹೆಸರು ಅಥವಾ ‘ಎಣ್ಣೆ’ ಎಂಬ ಪದ ಸೇರಿಸಿ ಒಂದು ಹುಡುಕಾಟ ಕಾವಲಿಗೆ ಇಟ್ಟರೆ ಸಾಕು. ದೂರು ಬಂದರೆ ತಿಳಿಯುತ್ತದೆ. ಉಳಿದ ಸಮಯವೆಲ್ಲ ಮೀಸಲಿಡಬೇಕಾದದ್ದು, ಇವರ ಹೆಸರೇ ಗೊತ್ತಿಲ್ಲದ ಜನ ಗಾಣದ ಎಣ್ಣೆಯ ಬಗ್ಗೆ ಏನು ಕೇಳುತ್ತಿದ್ದಾರೆ ಎಂಬುದಕ್ಕೆ.

ಅದಕ್ಕೆ ಮೊದಲು ಬೇಕಾದದ್ದು ಸರಿಯಾದ ಹುಡುಕು ಪದಗಳ ಪಟ್ಟಿ. ಇಲ್ಲಿ ಕನ್ನಡದ ವ್ಯಾಪಾರಿಗೆ ಒಂದು ಕಷ್ಟ ಇದೆ. ನಮ್ಮವರಲ್ಲಿ ಬಹಳ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ, ಅದೂ ಒಬ್ಬೊಬ್ಬರು ಒಂದೊಂದು ಥರ. ಜೊತೆಗೆ ಹಳೇ ಮೈಸೂರಿನವರು ಕಡಲೆಕಾಯಿ ಎಣ್ಣೆ ಎಂದು ಬರೆದರೆ ಧಾರವಾಡದವರು ಶೇಂಗಾ ಎಣ್ಣಿ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ತಮಿಳರು, ಹಿಂದಿಯವರು ಅದೇ ಗಾಣಕ್ಕೆ ತಮ್ಮ ಪದ ಬಳಸುತ್ತಾರೆ. ಒಂದೇ ಪದ ಹಾಕಿ ಕೂತರೆ ಮುಕ್ಕಾಲು ಮಾತು ಕಿವಿಗೇ ಬೀಳುವುದಿಲ್ಲ. ಆದ್ದರಿಂದ ಗೂಗಲ್ ಅಲರ್ಟ್ಸ್‌ನಲ್ಲಿ ಒಂದೊಂದು ಸಾಲಿಗೆ ಒಂದೊಂದು ಅಲರ್ಟ್‌ನಂತೆ ಹೀಗೆ ಹಾಕಬಹುದು:

```
"ಗಾಣದ ಎಣ್ಣೆ"
"gaanada enne" OR "ganada enne" OR "ganada yenne"
"wood pressed oil" OR "marachekku" OR "lakdi ghani"
```

ಉದ್ಧರಣ ಚಿಹ್ನೆ ಹಾಕಿದರೆ ಪದಗಳು ಅದೇ ಕ್ರಮದಲ್ಲಿ ಇರುವ ಪುಟಗಳನ್ನೇ ಹುಡುಕು ಎಂದು ಹೇಳಿದ ಹಾಗೆ. OR ಎಂದರೆ ಇದಾದರೂ ಸರಿ, ಅದಾದರೂ ಸರಿ. ಬೇಡದ್ದು ತುಂಬ ಬರುತ್ತಿದ್ದರೆ ಆ ಪದದ ಹಿಂದೆ ಒಂದು ಮೈನಸ್ ಗುರುತು ಹಾಕಿದರೆ ಅದು ಬಿಟ್ಟುಹೋಗುತ್ತದೆ. ಈ ಸೇವೆ ಉಚಿತ, ಸಿಕ್ಕಿದ್ದನ್ನು ಇಮೇಲ್‌ಗೆ ಕಳಿಸುತ್ತದೆ. ಭಾಷೆಯ ಜಾಗದಲ್ಲಿ English ಎಂದಿದ್ದರೆ ಅದನ್ನು Any Language ಎಂದು ಬದಲಿಸುವುದನ್ನು ಮರೆಯಬಾರದು, ಇಲ್ಲದಿದ್ದರೆ ಕನ್ನಡದ ಪುಟಗಳು ತಪ್ಪಿಹೋಗುತ್ತವೆ. ವಾರಕ್ಕೊಮ್ಮೆ ಬರುವ ಹಾಗೆ ಇಟ್ಟುಕೊಂಡರೆ ಸಾಕು.

ಆದರೆ ಅಲರ್ಟ್‌ಗೆ ಕಾಣುವುದು ಗೂಗಲ್ ಹುಡುಕಾಟಕ್ಕೆ ಸಿಗುವ ಪುಟಗಳು ಮಾತ್ರ. ಫೇಸ್‌ಬುಕ್‌ನ ಮುಚ್ಚಿದ ಗುಂಪು, ಇನ್‌ಸ್ಟಾಗ್ರಾಮ್‌ನ ಕಾಮೆಂಟು, ಯೂಟ್ಯೂಬ್ ವಿಡಿಯೋದ ಕೆಳಗಿನ ಚರ್ಚೆ ಇವೆಲ್ಲ ಅದರ ಕೈಗೆ ಸಿಗುವುದಿಲ್ಲ. ಪ್ರಶ್ನೆಗಳ ರಾಶಿ ಇರುವುದೇ ಅಲ್ಲಿ. ವಾರದಲ್ಲಿ ಒಂದು ದಿನ ಕೂತು ಕಣ್ಣಿನಿಂದಲೇ ಓದಬೇಕು. ಗಾಣದ ಎಣ್ಣೆ ಬಗ್ಗೆ ಹೆಚ್ಚು ಜನ ನೋಡಿದ ನಾಲ್ಕೈದು ವಿಡಿಯೋ ಆರಿಸಿಕೊಂಡು, ಕಾಮೆಂಟುಗಳನ್ನು Newest first ಎಂದು ಜೋಡಿಸಿ, ಕಳೆದ ವಾರದಿಂದ ಈಚೆಗೆ ಬಂದವನ್ನು ನೋಡುವುದು. ಆನ್‌ಲೈನ್ ಅಂಗಡಿಗಳಲ್ಲಿ ಬೇರೆಯವರ ಎಣ್ಣೆಗೆ ಬಂದ ಎರಡು, ಮೂರು ಸ್ಟಾರಿನ ವಿಮರ್ಶೆಗಳನ್ನು ಓದುವುದು. ಐದು ಸ್ಟಾರ್ ಕೊಟ್ಟವರು ‘ಸೂಪರ್’ ಎಂದು ಮುಗಿಸಿರುತ್ತಾರೆ, ಒಂದು ಸ್ಟಾರ್ ಕೊಟ್ಟವರಲ್ಲಿ ಹಲವರು ಬಾಟಲಿ ಒಡೆದು ಬಂದದ್ದಕ್ಕೆ ಸಿಟ್ಟಾಗಿರುತ್ತಾರೆ. ನಡುವಿನವರೇ ಎಣ್ಣೆಯ ಬಗ್ಗೆ ವಿವರವಾಗಿ ಬರೆಯುವುದು.

ಓದಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು: ಪ್ರಶ್ನೆ, ಎಲ್ಲಿ ಕೇಳಿದ್ದು, ಯಾವ ತಿಂಗಳು, ಕೇಳಿದವರು ಇನ್ನೂ ಕೊಳ್ಳಬೇಕಾದವರೋ ಈಗಾಗಲೇ ಕೊಂಡವರೋ, ಅಲ್ಲಿ ಏನು ಉತ್ತರ ಸಿಕ್ಕಿದೆ. ಇದರಲ್ಲಿ ಅತಿ ಮುಖ್ಯವಾದದ್ದು ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವುದು. ‘ಅಣ್ಣ, ಬಾಟಲಿ ತಳದಲ್ಲಿ ಮಣ್ಣಿನ ಥರ ಕೂತಿದೆ, ಇದನ್ನ ಬಳಸಬಹುದಾ?’ ಎಂದು ಒಬ್ಬರು ಕೇಳಿದ್ದಾರೆ ಎನ್ನಿ. ಅದನ್ನು ‘ಮಡ್ಡಿಯ ಬಗ್ಗೆ ವಿಚಾರಣೆ’ ಎಂದು ಬರೆದಿಟ್ಟರೆ ಮುಖ್ಯವಾದದ್ದೇ ಕಳೆದುಹೋಯಿತು. ಗಾಣದವರಿಗೆ ಅದು ಮಡ್ಡಿ, ನೋಡಿದವರಿಗೆ ಮಣ್ಣು. ಅವರು ಮುಂದೆ ಹುಡುಕುವಾಗಲೂ ಮಣ್ಣು ಎಂದೇ ಹುಡುಕುತ್ತಾರೆ. ಉತ್ತರದಲ್ಲಿ ಆ ಪದ ಇಲ್ಲದಿದ್ದರೆ ಅದು ಅವರಿಗೆ ಸಿಗುವುದೇ ಇಲ್ಲ.

ಒಂದು ಚಳಿಗಾಲ ಹೀಗೆ ಬರೆದಿಟ್ಟರೆ ಪುಟದಲ್ಲಿ ಏನೇನಿರಬಹುದು? ಎಣ್ಣೆ ಗಟ್ಟಿಯಾಯಿತು ಎಂಬುದು ಹಲವು ಬಾರಿ. ತಳದ ಮಡ್ಡಿ. ಕರಿಯುವಾಗ ನೊರೆ ಬರುತ್ತದೆ ಏಕೆ. ಕೊಬ್ಬರಿಗೆ ಗಂಧಕದ ಹೊಗೆ ಹಾಕುತ್ತಾರಂತೆ, ಹೌದಾ. ಅಂಗಡಿಯ ಎಣ್ಣೆಗಿಂತ ಇಷ್ಟೊಂದು ದುಬಾರಿ ಏಕೆ. ಮತ್ತೆ, ಸಕ್ಕರೆ ಕಾಯಿಲೆ ಇರುವವರು ಬಳಸಬಹುದಾ, ಕೂದಲು ಉದುರುವುದು ನಿಲ್ಲುತ್ತದಾ. ಎಲ್ಲದಕ್ಕೂ ಉತ್ತರ ಕೊಡಲು ಹೋಗಬಾರದು. ಕಾಯಿಲೆಯ ಪ್ರಶ್ನೆ ಎಷ್ಟು ಸಲ ಬಂದರೂ ಅದನ್ನು ಬದಿಗಿಡಬೇಕು. ಅದಕ್ಕೆ ಉತ್ತರ ಹೇಳಬೇಕಾದವರು ವೈದ್ಯರು. ಆಹಾರ ಪದಾರ್ಥವೊಂದು ಕಾಯಿಲೆ ವಾಸಿ ಮಾಡುತ್ತದೆ ಎಂದು ಮಾರುವವರು ಹೇಳಿಕೊಳ್ಳುವುದಕ್ಕೆ ಎಫ್‌ಎಸ್‌ಎಸ್‌ಎಐಯ 2018ರ ಜಾಹೀರಾತು ನಿಯಮಗಳಲ್ಲಿ ತಡೆಯೂ ಇದೆ. ಉಳಿದವುಗಳಲ್ಲಿ ಆರಿಸುವಾಗ ನಾನು ನೋಡುವುದು ಇಷ್ಟು: ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆಯವರು ಕೇಳಿದ್ದಾರಾ, ಮತ್ತು ಗಾಣದ ಮುಂದೆ ನಿಂತು ಕೆಲಸ ಮಾಡುವವರಿಗೆ ಮಾತ್ರ ಗೊತ್ತಿರುವ ಏನಾದರೂ ಆ ಉತ್ತರದಲ್ಲಿ ಇದೆಯಾ. ಎರಡೂ ಇದ್ದರೆ ಆ ಪ್ರಶ್ನೆಗೆ ಸಮಯ ಕೊಡಬಹುದು. ಬೆಲೆಯ ಪ್ರಶ್ನೆ ಅಂಥದ್ದು. ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಗಾಣದಲ್ಲಿ ಸುಮಾರು 2.5 ಕೆಜಿ ಬೀಜ ಬೇಕು, ಹಿಂಡಿಯಲ್ಲಿ ಇನ್ನೂ ಎಣ್ಣೆ ಉಳಿದೇ ಇರುತ್ತದೆ. ಈ ತಿಂಗಳ ಬೀಜದ ದರ, ಕೂಲಿ, ಹಿಂಡಿ ಮಾರಿ ಬಂದ ಹಣ ಇಷ್ಟನ್ನು ಬರೆದು ತೋರಿಸಿದರೆ ವಾದವೇ ಬೇಕಾಗಿಲ್ಲ.

ಗಟ್ಟಿಯಾಗುವ ಎಣ್ಣೆಯ ಪ್ರಶ್ನೆಯನ್ನೇ ಪೂರ್ತಿ ಬಿಡಿಸಿ ನೋಡೋಣ. ನೋಟ್‌ಬುಕ್ಕಿನ ಸಾಲುಗಳನ್ನು ಒಟ್ಟಿಗೆ ಇಟ್ಟು ಓದಿದರೆ ಅದು ಒಂದೇ ಪ್ರಶ್ನೆಯಲ್ಲ ಎಂದು ಗೊತ್ತಾಗುತ್ತದೆ. ಕೆಲವರು ಗಟ್ಟಿಯಾಗಿದೆ, ಆದ್ದರಿಂದ ಕಲಬೆರಕೆ ಎನ್ನುತ್ತಾರೆ. ಇನ್ನು ಕೆಲವರು ಗಟ್ಟಿಯಾಗಲಿಲ್ಲ, ಆದ್ದರಿಂದ ಕಲಬೆರಕೆ ಎನ್ನುತ್ತಾರೆ. ಇಬ್ಬರಿಗೂ ಬೇಕಾಗಿರುವುದು ಉಷ್ಣಾಂಶದ ಅಂಕಿಯಲ್ಲ, ಮೋಸ ಹೋಗಿಲ್ಲ ಎಂಬ ಭರವಸೆ. ನಿಜ ಏನೆಂದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಬೆಂಗಳೂರಿನ ಚಳಿಗಾಲದ ರಾತ್ರಿ ಅದಕ್ಕಿಂತ ಬಹಳ ತಣ್ಣಗಿರುತ್ತದೆ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕರಗುತ್ತದೆ, ಗುಣವೇನೂ ಕೆಡುವುದಿಲ್ಲ. ಇಲ್ಲಿಗೇ ನಿಲ್ಲಿಸಿದರೆ ಮಾರುವವರಿಗೆ ಅನುಕೂಲ. ಆದರೆ ರಿಫೈನ್ಡ್ ಕೊಬ್ಬರಿ ಎಣ್ಣೆಯೂ ಹಾಗೆಯೇ ಗಟ್ಟಿಯಾಗುತ್ತದೆ, ಆದ್ದರಿಂದ ಗಟ್ಟಿಯಾದ ಮಾತ್ರಕ್ಕೆ ಅದು ಗಾಣದ್ದೆಂದು ಸಾಬೀತಾಗುವುದಿಲ್ಲ. ಈ ಮಾತನ್ನೂ ಹೇಳಬೇಕು. ತನಗೆ ಲಾಭವಿಲ್ಲದ ಸತ್ಯವನ್ನೂ ಹೇಳಿದವರ ಉತ್ತರವನ್ನೇ ಓದುಗರು ಇನ್ನೊಬ್ಬರಿಗೆ ಕಳಿಸುತ್ತಾರೆ.

ಪ್ರಶ್ನೆ ಕೇಳಿದ ಜಾಗದಲ್ಲೇ ಎರಡು ಮೂರು ಸಾಲಿನಲ್ಲಿ ಪೂರ್ತಿ ಉತ್ತರ ಕೊಡುವುದು ಮರ್ಯಾದೆ. ‘ಮೇಡಂ, ನಾವೇ ತಿಪಟೂರಿನ ಹತ್ತಿರ ಗಾಣ ನಡೆಸುತ್ತೇವೆ’ ಎಂದು ಮೊದಲೇ ಹೇಳಿಕೊಳ್ಳಬೇಕು, ಗ್ರಾಹಕರ ವೇಷದಲ್ಲಿ ಹೋಗಬಾರದು. ಲಿಂಕ್ ಅಂಟಿಸಿ ಓಡಿಬರುವುದು ಎಲ್ಲರಿಗೂ ಕಿರಿಕಿರಿ. ವಿವರವಾದ ಉತ್ತರವನ್ನು ತಮ್ಮದೇ ಪುಟದಲ್ಲಿ ಬರೆಯಬಹುದು, ತಲೆಬರಹಕ್ಕೆ ಜನ ಕೇಳಿದ ಮಾತನ್ನೇ ಇಟ್ಟು, ಹೆಪ್ಪುಗಟ್ಟಿದ ಬಾಟಲಿಯ ಒಂದು ಫೋಟೊ ಸಮೇತ. ಇದು ಡಿಸೆಂಬರಿನಲ್ಲಿ ಬರೆದರೆ ತಡವಾಯಿತು. ನೋಟ್‌ಬುಕ್ಕಿನಲ್ಲಿ ತಿಂಗಳು ಬರೆದುಕೊಳ್ಳುವುದು ಇದಕ್ಕೇ: ಹೋದ ವರ್ಷ ಪ್ರಶ್ನೆ ನವೆಂಬರಿನಲ್ಲಿ ಶುರುವಾಗಿದ್ದರೆ ಈ ವರ್ಷ ಅಕ್ಟೋಬರಿನಲ್ಲೇ ಪುಟ ಸಿದ್ಧವಿರಬೇಕು, ಆ ತಿಂಗಳಿಂದ ಹೋಗುವ ಪ್ರತಿ ಪೊಟ್ಟಣದಲ್ಲೂ ಒಂದು ಚೀಟಿ ಇರಬೇಕು. ಗೂಗಲ್ ಟ್ರೆಂಡ್ಸ್‌ನಲ್ಲೂ ಈ ಏರಿಳಿತ ನೋಡಬಹುದು. ಆದರೆ ಅದು ತೋರಿಸುವ 0ಯಿಂದ 100ರ ಅಂಕಿ ಹುಡುಕಿದವರ ಸಂಖ್ಯೆಯಲ್ಲ, ಅತಿ ಹೆಚ್ಚು ಹುಡುಕಿದ ವಾರವನ್ನು 100 ಎಂದಿಟ್ಟುಕೊಂಡು ಮಾಡಿದ ಹೋಲಿಕೆ. ಕನ್ನಡದ ಪದಗಳಿಗೆ ಹಲವು ಸಲ ಅದರಲ್ಲಿ ಮಾಹಿತಿಯೇ ಸಾಲುವುದಿಲ್ಲ.

ದಾರಿ ತಪ್ಪುವುದು ಸಾಮಾನ್ಯವಾಗಿ ಎಣಿಕೆಯಲ್ಲಿ. ಒಂದೇ ವಿಡಿಯೋದ ಕೆಳಗೆ ಒಬ್ಬರು ಎಬ್ಬಿಸಿದ ಗಲಾಟೆಗೆ ಮೂವತ್ತು ಜನ ದನಿಗೂಡಿಸಿದರೆ ಅದು ಮೂವತ್ತು ಪ್ರಶ್ನೆಯಲ್ಲ, ಒಂದೇ. ಕಾಮೆಂಟು ಬರೆಯುವವರೆಲ್ಲ ಎಣ್ಣೆ ಕೊಳ್ಳುವವರೂ ಅಲ್ಲ. ಅಂತರ್ಜಾಲದಲ್ಲಿ ಕಂಡದ್ದನ್ನು ತಮ್ಮ ಫೋನಿಗೆ ಬಂದ ಕರೆಗಳ ಜೊತೆ ಹೋಲಿಸಿ ನೋಡಬೇಕು. ಆರ್ಡರ್ ತೆಗೆದುಕೊಳ್ಳುವ ಹುಡುಗಿಗೆ ಒಂದು ವಾರ, ಬಂದ ಪ್ರಶ್ನೆಗಳನ್ನೆಲ್ಲ ಅದೇ ನೋಟ್‌ಬುಕ್ಕಿನ ಇನ್ನೊಂದು ಬದಿಯಲ್ಲಿ ಬರೆಯಲು ಹೇಳಿದರೆ ಸಾಕು. ಗಂಧಕದ ಹೊಗೆಯ ಸುದ್ದಿ ವಿಡಿಯೋಗಳ ಕೆಳಗೆ ಜೋರಾಗಿದ್ದು, ಫೋನಿನಲ್ಲಿ ಒಬ್ಬರೂ ಕೇಳದಿದ್ದರೆ ಅದು ಸದ್ಯಕ್ಕೆ ಕಾಯಬಹುದು. ಎರಡೂ ಬದಿಯಲ್ಲಿ ಇರುವ ಪ್ರಶ್ನೆ ಕಾಯಬಾರದು.

ಉತ್ತರ ತಲುಪಿತೇ ಎಂದು ತಿಳಿಯುವುದು ಹೇಗೆ? ಸ್ವಂತ ವೆಬ್‌ಸೈಟ್ ಇದ್ದರೆ ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆ, ಯಾವ ಮಾತು ಹುಡುಕಿದಾಗ ತಮ್ಮ ಪುಟ ಕಾಣಿಸಿಕೊಂಡಿತು ಎಂದು ಪದಶಃ ತೋರಿಸುತ್ತದೆ. ಅಲ್ಲಿ ಆಗಾಗ ಹೊಸ ಪ್ರಶ್ನೆಯೂ ಸಿಗುತ್ತದೆ. ಹೆಪ್ಪುಗಟ್ಟುವ ಎಣ್ಣೆಯ ಪುಟಕ್ಕೆ ಜನ ‘ಫ್ರಿಜ್‌ನಲ್ಲಿ ಇಡಬಹುದಾ’ ಎಂದು ಹುಡುಕಿಕೊಂಡು ಬರುತ್ತಿದ್ದು, ಪುಟದಲ್ಲಿ ಅದರ ಸೊಲ್ಲೇ ಇಲ್ಲದಿದ್ದರೆ ಒಂದು ಪ್ಯಾರಾ ಸೇರಿಸಬೇಕು. ಇನ್ನೊಂದು ಗುರುತು ಕೊರಿಯರ್ ಪುಸ್ತಕದಲ್ಲಿರುತ್ತದೆ: ಜನವರಿಯಲ್ಲಿ ‘ಎಣ್ಣೆ ಕೆಟ್ಟಿದೆ’ ಎಂದು ವಾಪಸ್ ಬಂದ ಬಾಟಲಿಗಳು ಹೋದ ವರ್ಷ ಎಷ್ಟು, ಈ ವರ್ಷ ಎಷ್ಟು. ವಾಪಸ್ ಬಂದ ಪ್ರತಿ ಬಾಟಲಿಯನ್ನೂ ತೆಗೆದು ಮೂಸಿ ನೋಡುವುದನ್ನು ಮಾತ್ರ ಬಿಡಬಾರದು. ಕೊಬ್ಬರಿ ಸರಿಯಾಗಿ ಒಣಗದೆ ತೇವ ಉಳಿದಿದ್ದರೆ ಎಣ್ಣೆ ನಿಜಕ್ಕೂ ಕಮಟು ಹಿಡಿದಿರುತ್ತದೆ, ಆಗ ಬರೆಯಬೇಕಾದ ಉತ್ತರವೇ ಬೇರೆ, ಅದಕ್ಕೂ ಮೊದಲು ಕೊಬ್ಬರಿ ಒಣಗಿಸುವ ಕಣದಲ್ಲಿ ಕೆಲಸವಿದೆ.