ಬಸುರಿಯ ಕಿವಿ ಕಟ್ಟಿದಾಗ

"ಡಾಕ್ಟ್ರೇ, ನೆಗಡಿ ಇಲ್ಲ, ನೋವೂ ಇಲ್ಲ. ಆದರೂ ಕಿವಿ ಕಟ್ಟಿದೆ, ನಾನು ಆಡಿದ ಮಾತು ನನ್ನ ತಲೆಯೊಳಗೇ ಗುಂಯ್‌ಗುಡುತ್ತೆ." ಏಳು ತಿಂಗಳ ಬಸುರಿಯೊಬ್ಬರು ಹೀಗೆಂದರೆ ಅದಕ್ಕೆ ತದ್ವಿರುದ್ಧವಾದ ಎರಡು ಕಾರಣಗಳಿರಬಹುದು. ಒಂದಕ್ಕೆ ಕೊಡುವ ಮದ್ದು ಇನ್ನೊಂದನ್ನು ಹೆಚ್ಚಿಸುವುದುಂಟು.

ಮೂಗಿನ ಹಿಂಬದಿಯಿಂದ ನಡುಗಿವಿಗೆ ಹೋಗುವ ಯುಸ್ಟೇಷಿಯನ್ ನಳಿಕೆ ಸಾಮಾನ್ಯವಾಗಿ ಮುಚ್ಚಿರುತ್ತದೆ. ನುಂಗುವಾಗ, ಆಕಳಿಸುವಾಗ ತೆರೆದು ಗಾಳಿಯ ಒತ್ತಡವನ್ನು ಸರಿದೂಗಿಸುತ್ತದೆ. ಬಸುರಿನಲ್ಲಿ ಹಾರ್ಮೋನುಗಳಿಂದಾಗಿ, ರಕ್ತ ಹೆಚ್ಚುವುದರಿಂದ ಮೂಗಿನ ಒಳಪೊರೆ ಊದಿದರೆ ಈ ನಳಿಕೆ ತೆರೆಯಲು ಕಷ್ಟಪಡುತ್ತದೆ. ಆಗ ಮೂಗೂ ಕಟ್ಟಿರುತ್ತದೆ, ಮಲಗಿದರೆ ಇನ್ನಷ್ಟು. ಕೆಲವರಲ್ಲಿ ಇದರ ತಿರುವುಮುರುವು: ನಳಿಕೆ ಸರಿಯಾಗಿ ಮುಚ್ಚುವುದೇ ಇಲ್ಲ. ಅವರಿಗೆ ತಮ್ಮ ಉಸಿರಿನ ಸದ್ದೂ ಕಿವಿಯಲ್ಲಿ ಕೇಳುತ್ತದೆ, ಮಲಗಿದ ಕೂಡಲೇ ಹಾಯೆನಿಸುತ್ತದೆ. ಹಾಗಾಗಿ ಮಲಗಿದಾಗ ಏನಾಗುತ್ತದೆ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಮೂಗು ಊದಿದ್ದರೆ ಮೊದಲ ಮದ್ದು ಉಪ್ಪುನೀರಿನ ಸ್ಪ್ರೇ. ಇದರಿಂದ ಮಗುವಿಗೆ ತೊಂದರೆಯಿಲ್ಲ. ತಲೆದಿಂಬು ಎತ್ತರಿಸಿ ಮಲಗುವುದೂ ನೆರವಾಗುತ್ತದೆ. ಸಾಲದಿದ್ದರೆ ಬ್ಯುಡೆಸೊನೈಡ್‌ನಂಥ ಸ್ಟಿರಾಯ್ಡ್ ಸ್ಪ್ರೇಯನ್ನು ವೈದ್ಯರು ಬರೆಯಬಹುದು. ರಕ್ತಕ್ಕೆ ಸೇರುವ ಪ್ರಮಾಣ ತೀರಾ ಕಡಿಮೆ. ಮೂಗು ಬಿಡಿಸುವ ಮಾತ್ರೆಗಳನ್ನು ಮಾತ್ರ ಅಂಗಡಿಯಿಂದ ತಂದು ನುಂಗಬೇಡಿ. ಮೊದಲ ಮೂರು ತಿಂಗಳಲ್ಲಿ ಅವು ಬೇಡ, ಬಿಪಿ ಇದ್ದರೆ ಯಾವಾಗಲೂ ಬೇಡ. ಮೂಗು ಬಿಡಿಸುವ ಹನಿಗಳನ್ನು ಮೂರು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಮತ್ತೆ ಇನ್ನೂ ಬಿಗಿಯಾಗಿ ಕಟ್ಟುತ್ತದೆ.

ನಳಿಕೆ ತೆರೆದೇ ಇರುವವರಿಗೆ ಸ್ಟಿರಾಯ್ಡ್ ಸ್ಪ್ರೇ, ಮೂಗು ಬಿಡಿಸುವ ಮಾತ್ರೆ, ಹನಿಗಳು ಒಳಪೊರೆಯನ್ನು ಮತ್ತಷ್ಟು ಕುಗ್ಗಿಸಿ ಕಷ್ಟ ಹೆಚ್ಚಿಸಬಹುದು. ಅವರು ಚೆನ್ನಾಗಿ ನೀರು ಕುಡಿದು, ಗುಂಯ್‌ಗುಟ್ಟಿದಾಗ ಮಲಗಿದರೆ ಅಥವಾ ತಲೆ ಬಗ್ಗಿಸಿದರೆ ಸಾಕು. ಎರಡೂ ತೊಂದರೆಗಳು ಸಾಮಾನ್ಯವಾಗಿ ಹೆರಿಗೆಯ ನಂತರ ತಾವಾಗಿಯೇ ಇಳಿಯುತ್ತವೆ.

ಆದರೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಹೆರಿಗೆಯವರೆಗೆ ಕಾಯಲೇಬಾರದು. ಬಾಯಿ ಮುಚ್ಚಿ ಮೆಲ್ಲನೆ 'ಮ್‌ಮ್‌' ಎಂದು ಗುನುಗಿ ನೋಡಿ. ಕಟ್ಟಿದ ಕಿವಿಯಲ್ಲೇ ಸದ್ದು ಜೋರಾಗಿದ್ದರೆ ಅಡ್ಡಿ ಬಹುಶಃ ಗುಗ್ಗೆ ಅಥವಾ ನಳಿಕೆಯದು. ಚೆನ್ನಾಗಿರುವ ಕಿವಿಯಲ್ಲಿ ಜೋರಾಗಿದ್ದರೆ ಒಳಗಿವಿಯ ನರಕ್ಕೆ ಪೆಟ್ಟಾಗಿರಬಹುದು. ಇದು ಸುಳಿವಷ್ಟೇ, ತೀರ್ಪಲ್ಲ. ಯಾವ ಉತ್ತರ ಬಂದರೂ ಅಂದೇ ಅಥವಾ ಮಾರನೇ ದಿನ ಕಿವಿ, ಮೂಗು, ಗಂಟಲು ತಜ್ಞರ ಬಳಿ ಹೋಗಿ. ಸ್ಟಿರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರಗಳಲ್ಲೇ ಹೆಚ್ಚು ಫಲ ಕೊಡುವುದು. ಬಸುರಿಯರಿಗೆ ಅದನ್ನು ಕಿವಿತಮಟೆಯ ಮೂಲಕ ನೇರವಾಗಿ ಚುಚ್ಚಿ ಕೊಡುವ ದಾರಿಯೂ ಇದೆ. ಗುಂಯ್‌ಗುಡುವುದರ ಜೊತೆ ತೀವ್ರ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಕೂಡಲೇ ಬಿಪಿ ನೋಡಿಸಬೇಕು.

ಇನ್ನು, ತವರಿನಲ್ಲಿ ಕಿವಿಗೆ ಬಿಡುವ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ. ಒಳಪೊರೆ ಊದಿದ್ದಕ್ಕೆ ಅದು ಏನೂ ಮಾಡದು, ಏಕೆಂದರೆ ತೊಂದರೆ ಇರುವುದು ತಮಟೆಯ ಆಚೆಗೆ. ಬಿಸಿ ಹೆಚ್ಚಾದರೆ ಸುಡುತ್ತದೆ. ತಮಟೆ ಸರಿಯಿದೆ, ಗುಗ್ಗೆಯೇ ಕಟ್ಟಿದೆ ಎಂದು ವೈದ್ಯರು ನೋಡಿ ಹೇಳಿದ ಮೇಲೆ ಆಲಿವ್ ಎಣ್ಣೆಯ ಎರಡು ಮೂರು ಹನಿ ಹಾಕಿ ಮೆತ್ತಗಾಗಿಸಬಹುದು. ಮೆತ್ತಗಾದದ್ದನ್ನು ತೆಗೆಯುವುದು ಅವರ ಕೆಲಸ, ಹತ್ತಿ ಕಡ್ಡಿಯದಲ್ಲ.