ಲ್ಯಾಬಿನಲ್ಲಿ ಸರಿ, ರೂಮಿನಲ್ಲಿ ಹುಚ್ಚು: ಒಂದು ಟಚ್‌ಸ್ಕ್ರೀನಿನ ಕಥೆ

ನವೆಂಬರಿನ ಒಂದು ಭಾನುವಾರ ನಾವು ನಾಲ್ಕು ಜನ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟಿನಲ್ಲಿ ಹೋಗಿದ್ದೆವು. ನನ್ನ ರೂಮ್‌ಮೇಟ್ ತುದಿಯಲ್ಲಿ ನಿಂತು ವಿಡಿಯೋ ಮಾಡಿದ. ಸಮುದ್ರದ ನೀರು ಸಿಡಿದು ಫೋನು ಒದ್ದೆಯಾಯ್ತು. ಅಂಗಿಯಲ್ಲಿ ಒರೆಸಿ ಜೇಬಿಗೆ ಹಾಕಿದ, ಮರೆತ.

ಎರಡು ದಿನ ಬಿಟ್ಟು ರಾತ್ರಿ ಫೋನು ತನ್ನಷ್ಟಕ್ಕೆ ಒತ್ತಿಕೊಳ್ಳಲು ಶುರು ಮಾಡಿತು. ಲಾಕ್ ಸ್ಕ್ರೀನಿನಲ್ಲಿ ತಾನೇ ತಪ್ಪು ಪಿನ್ ಹಾಕಿ, ಕಾಯಿರಿ ಎಂದು ನಮಗೇ ಹೇಳಿತು. ಪ್ರಾಜೆಕ್ಟಿನ ರೀಡಿಂಗುಗಳ ಫೋಟೋ ಎಲ್ಲ ಅದರೊಳಗೆ, ಬ್ಯಾಕಪ್ ಇಲ್ಲ. ಅಂಗಡಿಯವರು ನೋಡಿ, ಡಿಸ್‌ಪ್ಲೇ ಹೋಗಿದೆ, 6,500 ಆಗ್ತದೆ ಅಂದರು. ಆದರೆ ಅವನ ಒಂದು ಮಾತು ನನ್ನ ತಲೆಯಲ್ಲಿ ಉಳಿಯಿತು: "ಎಂತ ಗೊತ್ತುಂಟಾ ಮಾರಾಯ, ಎಸಿ ಲ್ಯಾಬಿನಲ್ಲಿ ಸರಿ ಇರ್ತದೆ. ರೂಮಿಗೆ ಬಂದ್ರೆ ಹುಚ್ಚು."

ಒಡೆದುಹೋದ ಪ್ಯಾನೆಲ್ ಜಾಗ ನೋಡಿ ಹಾಳಾಗುವುದಿಲ್ಲ. ಹಾಗಾದರೆ ಜಾಗದಿಂದ ಜಾಗಕ್ಕೆ ಬದಲಾಗುವುದು ಏನು? ತೇವಾಂಶ.

ಟಚ್‌ಸ್ಕ್ರೀನು ಒತ್ತಡವನ್ನು ಅಳೆಯುವುದಿಲ್ಲ. ಗಾಜಿನಡಿ ಅಡ್ಡಕ್ಕೂ ಉದ್ದಕ್ಕೂ ಪಾರದರ್ಶಕ ವಾಹಕ ಗೆರೆಗಳ ಜಾಲ ಉಂಟು. ಎರಡು ಗೆರೆ ದಾಟುವಲ್ಲೆಲ್ಲ ಒಂದು ಪುಟ್ಟ ಕೆಪಾಸಿಟರ್. ಬೆರಳು ಹತ್ತಿರ ಬಂದರೆ ಅಲ್ಲಿನ ಕೆಪಾಸಿಟೆನ್ಸ್ ಸ್ವಲ್ಪ ಇಳಿಯುತ್ತದೆ. ಇಳಿಕೆ ಒಂದು ಮಿತಿ ದಾಟಿದರೆ ಕಂಟ್ರೋಲರ್ ಅದನ್ನು ಟಚ್ ಎಂದು ಲೆಕ್ಕ ಹಿಡಿಯುತ್ತದೆ. ಉಪ್ಪುನೀರಿನ ತೆಳು ಪದರ ಅಂಚಿನ ಲೋಹದ ಚೌಕಟ್ಟಿಗೆ ತಾಗಿದ್ದರೆ, ಕಂಟ್ರೋಲರ್ ಪಾಲಿಗೆ ಅದೂ ಒಂದು ಬೆರಳೇ.

"ನೀರು ಒಣಗಿ ಎರಡು ದಿನ ಆಯ್ತಲ್ಲ?" ಅಂದ ಅವನು. ನೀರು ಒಣಗಿತ್ತು, ಉಪ್ಪು ಹೋಗಿರಲಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75% ದಾಟಿದರೆ ಅಡುಗೆ ಉಪ್ಪು ತೇವ ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಮೊದಲೇ ಒದ್ದೆಯಾಗುತ್ತದೆ. ಮನೆಯಲ್ಲಿ ಉಪ್ಪಿನ ಭರಣಿ ಮಳೆಗಾಲದಲ್ಲಿ ನೀರು ಬಿಡುವುದು ನೋಡಿದ್ದೀರಲ್ಲ, ಅದೇ. ನಮ್ಮ ಕರಾವಳಿಯ ರಾತ್ರಿಗೆ ಇದು ದೊಡ್ಡ ಸಂಗತಿಯಲ್ಲ.

ಇದು ಊಹೆ ಮಾತ್ರ, ಪರೀಕ್ಷೆ ಬೇಕಲ್ಲ. ತೊಂದರೆ ಬರುವ ಜಾಗದಲ್ಲೇ, ಅಂದರೆ ರೂಮಿನಲ್ಲಿ ರಾತ್ರಿಯೇ ಮಾಡಬೇಕು. ಲ್ಯಾಬಿನಲ್ಲಿ ಮಾಡಿದ್ದರೆ ಎಲ್ಲವೂ ಪಾಸ್ ಆಗಿ ನಾವು ಮೋಸ ಹೋಗುತ್ತಿದ್ದೆವು. ಲ್ಯಾಬಿನಲ್ಲಿ ಮಾಡಿದ್ದು ಎರಡೇ ಕೆಲಸ. ಟಚ್ ನೆಟ್ಟಗಿದ್ದಾಗ ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕಿದೆವು. ಆಮೇಲೆ ಸೆಟ್ಟಿಂಗ್ಸಿನಲ್ಲಿ Build number ಮೇಲೆ ಏಳು ಸಲ ಒತ್ತಿ Developer options ತೆರೆದು Pointer location ಆನ್ ಮಾಡಿದೆವು. ಅದು ಸ್ಕ್ರೀನಿನ ಮೇಲೆ ಟಚ್ ಬಿದ್ದಲ್ಲೆಲ್ಲ ಗೆರೆ ಎಳೆಯುತ್ತದೆ.

ರಾತ್ರಿ ಚಾರ್ಜರ್ ಕಿತ್ತು, ಫೋನನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆದೆವು. ಯಾರೂ ಮುಟ್ಟದೆ ಗೆರೆಗಳು ಬಿದ್ದವು, ಎಲ್ಲವೂ ಬಲಗಡೆಯ ಕೆಳ ಅಂಚಿನಲ್ಲೇ. (ಚಾರ್ಜಿಗೆ ಹಾಕಿದಾಗ ಮಾತ್ರ ಬರುತ್ತಿದ್ದರೆ ಮೊದಲು ಚಾರ್ಜರ್ ಬದಲಿಸಿ ನೋಡಬೇಕಿತ್ತು. ಅಗ್ಗದ ಅಡಾಪ್ಟರಿನ ನಾಯ್ಸ್ ಕೂಡ ಹೀಗೆಯೇ ಕುಣಿಸುತ್ತದೆ.)

ಮುಂದಿನದು ಸೇಫ್ ಮೋಡ್. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಮೆನುವಿನ Power off ಅನ್ನು ಒತ್ತಿ ಹಿಡಿದರೆ Safe mode ಕೇಳುತ್ತದೆ. ಟಚ್ ಮಾತು ಕೇಳದಿದ್ದರೆ ಹಲವು ಫೋನುಗಳಲ್ಲಿ ಆನ್ ಆಗುವಾಗ ವಾಲ್ಯೂಮ್ ಡೌನ್ ಹಿಡಿದರೂ ಆಗ್ತದೆ. ಇಲ್ಲಿ ನಾವು ಹಾಕಿಕೊಂಡ ಆಪ್‌ಗಳು ಓಡುವುದಿಲ್ಲ. ಸ್ಕ್ರೀನಿನ ಮೇಲೆ ತೇಲುವ ಯಾವುದೋ ಆಪ್ ಟಚ್ಚನ್ನು ನುಂಗುತ್ತಿದ್ದರೆ ತೊಂದರೆ ಇಲ್ಲಿ ನಿಲ್ಲಬೇಕು. ನಿಲ್ಲಲಿಲ್ಲ. ಆಪ್‌ಗಳ ಮೇಲಿನ ಸಂಶಯ ಹೋಯ್ತು.

ಆಮೇಲೆ Display ಒಳಗಿನ Touch sensitivity. ದಪ್ಪ ಗ್ಲಾಸ್ ಅಂಟಿಸಿದ ಮೇಲೆ ಬೆರಳಿನ ಸಿಗ್ನಲ್ ಕಡಿಮೆಯಾಗುತ್ತದೆ, ಅದಕ್ಕೆಂದು ಸೂಕ್ಷ್ಮತೆ ಏರಿಸುವ ಸ್ವಿಚ್ ಇದು. ಗ್ಲಾಸ್ ಹಾಕಿದ ದಿನ ಇವನೂ ಆನ್ ಮಾಡಿದ್ದ. ಬೆರಳು ಚೆನ್ನಾಗಿ ಕೇಳಿಸುವ ಹಾಗೆ ಮಾಡಿದರೆ ಉಪ್ಪಿನ ಪಿಸುಮಾತೂ ಕೇಳಿಸುತ್ತದೆ. ಆಫ್ ಮಾಡಿದ ಕೂಡಲೇ ಗೆರೆಗಳು ಕಡಿಮೆಯಾದವು, ಪೂರ್ತಿ ನಿಲ್ಲಲಿಲ್ಲ. ನನಗೆ ಧೈರ್ಯ ಬಂದದ್ದು ಇಲ್ಲಿಯೇ. ಮಿತಿ ಬದಲಿಸಿದಾಗ ತೊಂದರೆಯೂ ಬದಲಾಗುತ್ತದೆಂದರೆ ಸಿಗ್ನಲ್ ಮಿತಿಯ ಆಸುಪಾಸಿನಲ್ಲಿ ಉಂಟು.

ಕೊನೆಗೆ ಗ್ಲಾಸ್ ಕಿತ್ತೆವು. ಬಲಗಡೆಯ ಕೆಳ ಮೂಲೆ ಮೊದಲೇ ಎದ್ದಿತ್ತು, ಅದರಡಿ ತೇವವಾದ ಬಿಳಿ ಗೆರೆ. ಅವನು ಸ್ಯಾನಿಟೈಸರ್ ತರಲು ಎದ್ದ, ನಾನು ತಡೆದೆ. ಉಪ್ಪು ಆಲ್ಕೋಹಾಲಿನಲ್ಲಿ ಸರಿಯಾಗಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಫೋನು ಆಫ್ ಮಾಡಿ, ಕುಡಿಯುವ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಎರಡು ಸಲ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ. ಸ್ಪೀಕರ್, ಚಾರ್ಜಿಂಗ್ ತೂತುಗಳ ಹತ್ತಿರ ಬಟ್ಟೆ ಒಯ್ಯಲಿಲ್ಲ. ಆನ್ ಮಾಡಿ ಮೇಜಿನ ಮೇಲಿಟ್ಟು ಅರ್ಧ ಗಂಟೆ ಕಾದೆವು. ಒಂದು ಗೆರೆಯೂ ಬೀಳಲಿಲ್ಲ.

ಬರಿ ಗಾಜನ್ನು ಒರೆಸಿದ ಮೇಲೂ ಗೆರೆ ಬೀಳುತ್ತಿದ್ದರೆ, ಅದರಲ್ಲೂ ಅಂಚಿನಿಂದ ಅಂಚಿಗೆ ಒಂದೇ ನೇರ ಪಟ್ಟಿಯಲ್ಲಿ ಬೀಳುತ್ತಿದ್ದರೆ, ಪ್ಯಾನೆಲ್ ಅಥವಾ ಅದರ ಕನೆಕ್ಟರ್ ಹೋಗಿರುವ ಸಾಧ್ಯತೆ ಹೆಚ್ಚು. ಆಗ ಅಂಗಡಿಯವರ ಮಾತೇ ಸರಿ. ನಮ್ಮ ಖರ್ಚು ಹೊಸ ಗ್ಲಾಸಿನ 150 ರೂಪಾಯಿಗೆ ಮುಗಿಯಿತು. Touch sensitivity ಈಗಲೂ ಆಫ್ ಇದೆ, ಅದಿಲ್ಲದೆಯೂ ಫೋನು ಸರಿಯಾಗಿಯೇ ಕೇಳ್ತದೆ.